ಹಿಂದಿನ ಬಸ್ ಖಾಲಿ ಐತಿ

ಪರದೇಶದ ಆಫೀಸಿನಲ್ಲಿ ಎಲ್ಲರೂ ನಗುವಾಗ ನಮಗೆ ನಗು ಬರದಿದ್ದರೆ ಅದಕ್ಕೆ ಭಾಷೆ ಸಾಲದಿರುವುದೇ ಕಾರಣ ಎಂದು ನಮ್ಮ ಕಡೆ ತುಂಬ ಜನ ನಂಬಿದ್ದಾರೆ. ನನ್ನ ಅಕ್ಕನ ಮಗಳೂ ಹಾಗೇ ನಂಬಿದ್ದಳು. ಅವಳಿಗೆ ಜರ್ಮನಿಯ ಡ್ಯೂಸೆಲ್‌ಡಾರ್ಫ್‌ನಲ್ಲಿ ಕೆಲಸ ಸಿಕ್ಕಿದೆ. ನಾನೂ ಅದೇ ಊರಿನಲ್ಲಿದ್ದೇನೆ. ಉಕ್ಕಿನ ಕಾರ್ಖಾನೆಗಳಿಗೆ ಬೇಕಾದ ಯಂತ್ರಗಳ ಡ್ರಾಯಿಂಗ್ ತಯಾರಿಸುವ ಆಫೀಸು ನನ್ನದು. ರಜೆಗೆ ಬಳ್ಳಾರಿಗೆ ಬಂದಿದ್ದಾಗ, ಒಂದು ರಾತ್ರಿ ಮಾಳಿಗೆ ಮೇಲೆ ಹಾಸಿಗೆ ಹಾಕಿಕೊಂಡು ಕೂತಿದ್ದೆವು. ಅವಳು ಕೇಳಿದಳು.

"ಮಾಮ, ಕೆಲಸದ ಮಾತು ಹೆಂಗೋ ನಡಸ್ತೀನಿ. ಅವ್ರು ಊಟಕ್ಕ ಕೂತು ನಗಾಡೋ ಹೊತ್ತಿನ್ಯಾಗ ನಾ ಏನ್ ಮಾಡ್ಲಿ? ಜರ್ಮನ್ ಇನ್ನೂ ಜಾಸ್ತಿ ಕಲೀಲೇನು?"

ಕಲಿ, ಕಲಿತರೆ ಒಳ್ಳೆಯದು ಎಂದೆ. ಆದರೆ ಭಾಷೆಯಿಂದ ಮಾತ್ರ ಈ ತೊಂದರೆ ಬಗೆಹರಿಯುವುದಿಲ್ಲ. ಅವತ್ತು ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ರಾಯಚೂರು, ಕೊಪ್ಪಳ ಕಡೆಯಿಂದ ಹೊರಗೆ ಹೋಗುವ ಮಕ್ಕಳು ಈಗ ಕಡಿಮೆ ಇಲ್ಲ. ಕೆಲಸದ ವಿಷಯ ಅವರಿಗೆ ಕಾಲೇಜಿನಲ್ಲಿ ಯಾರಾದರೂ ಹೇಳಿರುತ್ತಾರೆ. ಈ ವಿಷಯ ಯಾರೂ ಹೇಳಿರುವುದಿಲ್ಲ.

ನಮ್ಮ ಆಫೀಸಿನಲ್ಲಿ ಪ್ರತಿ ಸೋಮವಾರ ಒಂದು ಮೀಟಿಂಗ್ ಇರುತ್ತದೆ. ಯಾವ ಡ್ರಾಯಿಂಗ್ ಮುಗಿಯಿತು, ಯಾವುದು ಬಾಕಿ, ಯಾರು ಯಾರಿಗೆ ಕಾಯುತ್ತಿದ್ದಾರೆ, ಇಷ್ಟೇ ಮಾತು. ನಾನು ಸೇರಿದ ಹೊಸದರಲ್ಲಿ ಮೀಟಿಂಗ್ ನಡೆಸುವವರು ಕೂತ ಕೂಡಲೇ ಇಂಗ್ಲಿಷಿನಲ್ಲಿ ಒಂದು ಮಾತು ಕೇಳುತ್ತಿದ್ದರು. "ಹೋದ ವರ್ಷದ ಹಾಗೇ ಮಾಡೋಣವೇ?" ಅಂತ. ಟೇಬಲ್ಲಿನ ಆ ಕಡೆಯಿಂದ ಯಾರಾದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದರು. "ಪ್ರತಿ ವರ್ಷದ ಹಾಗೇ, ಜೇಮ್ಸ್." ಎಲ್ಲರೂ ನಗುತ್ತಿದ್ದರು. ನಮ್ಮ ತಂಡದಲ್ಲಿ ಜೇಮ್ಸ್ ಎನ್ನುವವರು ಯಾರೂ ಇರಲಿಲ್ಲ.

ಇದರಲ್ಲಿ ಅರ್ಥವಾಗದ ಪದ ಒಂದೂ ಇಲ್ಲ. ನಾನು ಓದಿದ್ದು ಇಂಗ್ಲಿಷಿನಲ್ಲಿ, ಕೆಲಸ ಮಾಡುವುದು ಅರ್ಧ ಇಂಗ್ಲಿಷಿನಲ್ಲಿ. ನನ್ನ ಪಕ್ಕ ಇಂಗ್ಲೆಂಡಿನಿಂದ ಬಂದಿದ್ದ ಒಬ್ಬ ಎಂಜಿನಿಯರ್ ಕೂತಿರುತ್ತಿದ್ದ. ಅದು ಅವನ ತಾಯಿಭಾಷೆ. ಅವನಿಗೂ ಯಾಕೆ ನಗುತ್ತಿದ್ದಾರೆ ಅಂತ ಗೊತ್ತಿರಲಿಲ್ಲ. ಇಂಗ್ಲಿಷ್ ತಾಯಿಭಾಷೆಯಾದವನಿಗೆ ಗೊತ್ತಿಲ್ಲದ ಇಂಗ್ಲಿಷ್ ಜೋಕಿಗೆ ಜರ್ಮನ್ ಮಂದಿ ನಗುತ್ತಿದ್ದರು. ನನ್ನ ಮಟ್ಟಿಗೆ ಈ ವಿಷಯವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ಬೇರೆ ಇಲ್ಲ.

ಆ ಮಾತಿನ ಮೂಲ 'ಡಿನ್ನರ್ ಫಾರ್ ಒನ್' ಎನ್ನುವ ಪುಟ್ಟ ಹಾಸ್ಯ ನಾಟಕ. 1963ರಲ್ಲಿ ಹ್ಯಾಂಬರ್ಗ್‌ನ ಎನ್‌ಡಿಆರ್ ಟಿವಿಯವರು ಇಂಗ್ಲೆಂಡಿನ ಇಬ್ಬರು ನಟರನ್ನು ಕರೆಸಿ ಅದನ್ನು ಚಿತ್ರೀಕರಿಸಿದರು. ಕಪ್ಪು ಬಿಳುಪು, ಹದಿನೆಂಟು ನಿಮಿಷ. ನಾಟಕ ಪೂರ್ತಿ ಇಂಗ್ಲಿಷಿನಲ್ಲೇ ಇದೆ. 1972ರಿಂದ ಜರ್ಮನಿಯಲ್ಲಿ ಪ್ರತಿ ಡಿಸೆಂಬರ್ 31ರಂದು ಅದು ಟಿವಿಯಲ್ಲಿ ಬರುತ್ತದೆ. ಅಜ್ಜಿ ತಾತಂದಿರು, ಮಕ್ಕಳು, ಮೊಮ್ಮಕ್ಕಳು ಎಲ್ಲರೂ ಒಟ್ಟಿಗೆ ಕೂತು ನೋಡುತ್ತಾರೆ. ಮುಂದಿನ ಮಾತು ಏನು ಅಂತ ಎಲ್ಲರಿಗೂ ಬಾಯಿಪಾಠ. ಇಂಗ್ಲೆಂಡಿನಲ್ಲಿ ಮಾತ್ರ 2018ರ ಕೊನೆಯವರೆಗೆ ಅದು ಟಿವಿಯಲ್ಲೇ ಬಂದಿರಲಿಲ್ಲ. ಅದಕ್ಕೇ ನಮ್ಮ ಎಂಜಿನಿಯರ್ ಮಿತ್ರ ಸುಮ್ಮನೆ ಕೂತಿರುತ್ತಿದ್ದ.

ಕಥೆ ಸರಳ. ಮಿಸ್ ಸೋಫಿ ಎನ್ನುವ ಅಜ್ಜಿಗೆ 90 ವರ್ಷದ ಹುಟ್ಟುಹಬ್ಬ. ನಾಲ್ಕು ಜನ ಹಳೆಯ ಗೆಳೆಯರನ್ನು ಊಟಕ್ಕೆ ಕರೆದಿದ್ದಾಳೆ. ಆ ನಾಲ್ವರೂ ತೀರಿಕೊಂಡು ಎಷ್ಟೋ ವರ್ಷ ಆಗಿದೆ. ಆದರೂ ಕುರ್ಚಿ, ತಟ್ಟೆ, ಗ್ಲಾಸು ಎಲ್ಲ ಇಟ್ಟಿದೆ. ಜೇಮ್ಸ್ ಎನ್ನುವ ವಯಸ್ಸಾದ ಕೆಲಸದಾತ ಪ್ರತಿ ಗ್ಲಾಸಿಗೂ ಬಡಿಸಿ, ಆ ನಾಲ್ವರ ಪರವಾಗಿ ತಾನೇ ಕುಡಿಯುತ್ತಾನೆ. ಒಂದೊಂದು ಬಗೆಯ ಊಟಕ್ಕೆ ಒಂದೊಂದು ಬಗೆಯ ಮದ್ಯ. ನಾಲ್ಕನೆಯದು ಮುಗಿಯುವ ಹೊತ್ತಿಗೆ ಅವನಿಗೆ ನಿಲ್ಲಲು ಆಗುವುದಿಲ್ಲ. ನೆಲದ ಮೇಲೆ ಹಾಸಿದ ಹುಲಿ ಚರ್ಮದ ತಲೆಗೆ ಮತ್ತೆ ಮತ್ತೆ ಎಡವುತ್ತಾನೆ. ಪ್ರತಿ ಸಲ ಬಡಿಸುವ ಮುಂಚೆ ಅವನು ಕೇಳುವ ಪ್ರಶ್ನೆ, ಅವಳು ಕೊಡುವ ಉತ್ತರ, ಅದೇ ನಮ್ಮ ಸೋಮವಾರದ ಮಾತು.

ಇದನ್ನು ನನಗೆ ತೋರಿಸಿದವರು ನಮ್ಮ ತಂಡದ ಹಿರಿಯ ಡ್ರಾಫ್ಟ್ಸ್‌ಮನ್. ಒಂದು ಮಧ್ಯಾಹ್ನ ಊಟದ ಹೊತ್ತಿಗೆ ನಾನೇ ಹೋಗಿ, "ಜೇಮ್ಸ್ ಯಾರು?" ಅಂತ ಕೇಳಿದೆ. ಅವರ ಮುಖ ಅರಳಿತು. ಕಂಪ್ಯೂಟರಿನಲ್ಲಿ ಹಾಕಿ, ನನ್ನನ್ನೂ ಇಂಗ್ಲೆಂಡಿನ ಗೆಳೆಯನನ್ನೂ ಕೂರಿಸಿಕೊಂಡು ಪೂರ್ತಿ ತೋರಿಸಿದರು. ನಾಟಕದಲ್ಲಿ ಮೊದಲು ಬಡಿಸುವುದು ಮುಲ್ಲಿಗಟಾನಿ ಸೂಪ್. ಮದರಾಸಿನಲ್ಲಿದ್ದ ಇಂಗ್ಲಿಷರು ಅಲ್ಲಿಯ ಮೆಣಸಿನ ಸಾರು ಕುಡಿದು, ಅದನ್ನೇ ಬದಲಿಸಿ ತಮ್ಮ ದೇಶಕ್ಕೆ ಒಯ್ದ ಸೂಪ್ ಅದು. ಬಳ್ಳಾರಿ ಜಿಲ್ಲೆಯೂ 1953ರವರೆಗೆ ಮದರಾಸು ಆಡಳಿತದಲ್ಲೇ ಇತ್ತಲ್ಲ. "ಈ ಊಟದ ಮೊದಲ ಬಟ್ಟಲು ನಮ್ಮ ಕಡೆಯಿಂದ ಬಂದದ್ದು" ಎಂದೆ. ಅವರಿಗೆ ಬಹಳ ಖುಷಿಯಾಯಿತು. ವರ್ಷ ವರ್ಷ ನೋಡಿದ ನಾಟಕದಲ್ಲಿ ಅವರಿಗೆ ಗೊತ್ತಿಲ್ಲದ ಒಂದು ಸಂಗತಿ ನನ್ನ ಹತ್ತಿರ ಇತ್ತು.

ಅಕ್ಕನ ಮಗಳು ಇಲ್ಲಿ ನನ್ನನ್ನು ತಡೆದಳು. "ಅದು ಏನೋ ಮಾತಿನ ನಕಲು ಅಂತ ನಿಂಗ ಹೆಂಗ ಗೊತ್ತಾತು? ಸುಮ್ನ ಯಾರೋ ಜೋಕ್ ಹೊಡದಾರ ಅಂತ ಅನಿಸ್ಲಿಲ್ಲೇನು?"

ಒಳ್ಳೆಯ ಪ್ರಶ್ನೆ ಅದು. ಯಾರೋ ಆ ಕ್ಷಣಕ್ಕೆ ಹುಟ್ಟಿಸಿದ ತಮಾಷೆ ಬೇರೆ, ಎಲ್ಲರಿಗೂ ಗೊತ್ತಿರುವ ಹಳೆಯ ಮಾತನ್ನು ನೆನಪಿಸುವ ತಮಾಷೆ ಬೇರೆ. ಎರಡನೆಯದನ್ನು ಗುರುತಿಸಲು ಕೆಲವು ಗುರುತುಗಳಿವೆ. ಆಡುವವರ ದನಿ ಆ ಒಂದು ಸಾಲಿಗೆ ಮಾತ್ರ ಬದಲಾಗುತ್ತದೆ. ಜರ್ಮನ್ ಆಡುತ್ತಿದ್ದವರು ತಟ್ಟನೆ ಇಂಗ್ಲಿಷಿಗೆ ಬರುತ್ತಾರೆ, ಅಥವಾ ರಾಗ ಎಳೆಯುತ್ತಾರೆ. ಆ ಮಾತಿನಲ್ಲಿ ಇರುವ ತಮಾಷೆಗಿಂತ ನಗು ದೊಡ್ಡದಾಗಿರುತ್ತದೆ. ನಗುವವರು ಮಾತಾಡಿದವರನ್ನು ನೋಡುವ ಬದಲು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಎಲ್ಲಕ್ಕಿಂತ ಗಟ್ಟಿ ಗುರುತು ಅಂದರೆ, ಉಳಿದ ಅರ್ಧವನ್ನು ಬೇರೆ ಯಾರೋ ತುಂಬುತ್ತಾರೆ. ಒಬ್ಬರು ಕೇಳಿ ಇನ್ನೊಬ್ಬರು ಯೋಚಿಸದೇ ಉತ್ತರಿಸಿದರೆ, ಅದು ಅವರಿಬ್ಬರೂ ಎಲ್ಲೋ ಕೇಳಿರುವ ಮಾತು.

ಇದನ್ನು ಗುರುತಿಸುವುದು ಬಳ್ಳಾರಿಯವರಿಗೆ ಕಷ್ಟವಾಗಬಾರದು. ನಾವು ಬೆಳೆದದ್ದೇ ಹಾಗೆ. ಬಳ್ಳಾರಿಯಲ್ಲಿ ಒಂದೇ ಬೆಂಚಿನ ಮೇಲೆ ಕೂತ ಗೆಳೆಯರಲ್ಲಿ ಒಬ್ಬನ ಮನೆಯಲ್ಲಿ ತೆಲುಗು, ಇನ್ನೊಬ್ಬನ ಮನೆಯಲ್ಲಿ ಕನ್ನಡ, ಮತ್ತೊಬ್ಬನ ಮನೆಯಲ್ಲಿ ಉರ್ದು. ಕನ್ನಡದಲ್ಲಿ ನಡೆಯುವ ಮಾತಿನ ನಡುವೆ ತೆಲುಗು ಸಿನಿಮಾದ ಡೈಲಾಗ್ ಬಂದು ಬೀಳುತ್ತದೆ. ಎಲ್ಲರೂ ನಗುತ್ತಾರೆ. ಅದೇ ಡೈಲಾಗ್ ನಾನು ಮೈಸೂರಿನ ಹಾಸ್ಟೆಲಿನಲ್ಲಿ ಹೇಳಿದರೆ ರೂಮಿನ ಗೆಳೆಯರು ಸುಮ್ಮನೆ ನನ್ನ ಮುಖ ನೋಡುತ್ತಿದ್ದರು. ಅವರೂ ಕನ್ನಡದವರೇ. ರಾಯಚೂರಿನಿಂದ ಬಂದಿದ್ದ ಗೆಳೆಯನ ಹಾಸ್ಯದಲ್ಲಿ ದಖನಿ ಉರ್ದು ಬೆರೆತಿರುತ್ತಿತ್ತು. ಅವರ ಜಿಲ್ಲೆ 1956ರವರೆಗೆ ಹೈದರಾಬಾದಿನ ಕಡೆ ಇತ್ತು, ಕೊಪ್ಪಳವೂ ಆ ಜಿಲ್ಲೆಯಲ್ಲೇ ಇತ್ತು. ಅಂಥ ಜಾಗದಲ್ಲಿ ಬೆಳೆದವರಿಗೆ, ನಗು ನಿಂತಿರುವುದು ಜನ ಏನನ್ನು ಒಟ್ಟಿಗೆ ನೋಡಿದ್ದಾರೆ, ಕೇಳಿದ್ದಾರೆ ಎನ್ನುವುದರ ಮೇಲೆ ಅಂತ ಯಾರೂ ಹೇಳಿಕೊಡಬೇಕಿಲ್ಲ.

ಇನ್ನು ನನ್ನ ಕಣ್ಣು ತೆರೆಸಿದ ಸಂಗತಿ. ಆ ನಾಟಕದ ಜರ್ಮನ್ ಪ್ರಸಾರ ನೇರವಾಗಿ ಶುರುವಾಗುವುದಿಲ್ಲ. ಮೊದಲು ಹೈಂಟ್ಸ್ ಪೀಪರ್ ಎನ್ನುವ ನಿರೂಪಕ ತೆರೆಯ ಮುಂದೆ ಬಂದು ನಿಲ್ಲುತ್ತಾನೆ. ಅಜ್ಜಿ ಯಾರು, ಹುಟ್ಟುಹಬ್ಬ ಎಷ್ಟನೆಯದು, ಅತಿಥಿಗಳು ಯಾಕೆ ಬಂದಿಲ್ಲ, ಅವರ ಪಾಲನ್ನು ಯಾರು ಕುಡಿಯುತ್ತಾರೆ, ಎಲ್ಲವನ್ನೂ ಜರ್ಮನ್‌ನಲ್ಲಿ ಹೇಳುತ್ತಾನೆ. ಆ ಪ್ರಶ್ನೆ ಮತ್ತು ಉತ್ತರವನ್ನೂ ಮುಂಚೆಯೇ ಬಿಡಿಸಿ ಹೇಳುತ್ತಾನೆ. ಆಮೇಲೆ ನಾಟಕ.

ಅಂದರೆ ಆ ಹಾಸ್ಯವೂ ಜರ್ಮನರಿಗೆ ಪರದೇಶದ್ದೇ. ಮನೆಯ ರೀತಿ ಬೇರೆ, ಭಾಷೆ ಬೇರೆ. ವಿವರಣೆ ಕೊಟ್ಟರೆ ಜೋಕು ಸಾಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ ಅಲ್ವಾ? ಇಲ್ಲಿ ಇಡೀ ಜೋಕನ್ನು ಮೊದಲೇ ವಿವರಿಸಿದ್ದಾರೆ. ಆದರೂ ಒಂದು ದೇಶ ಐವತ್ತು ವರ್ಷಕ್ಕಿಂತ ಜಾಸ್ತಿ ಕಾಲದಿಂದ ಅದಕ್ಕೆ ನಗುತ್ತಿದೆ. ಜೋಕು ಸಾಯುವುದು ಆಮೇಲೆ ಕೊಟ್ಟ ವಿವರಣೆಯಿಂದ. ಮೊದಲೇ ಕೊಟ್ಟ ವಿವರಣೆ ಜೋಕನ್ನು ಬದುಕಿಸುತ್ತದೆ. ಯಾಕೆಂದರೆ ಆಗ ಕೇಳುವವರು ಕಾಯುತ್ತಾ ಕೂತಿರುತ್ತಾರೆ. ಏನೋ ಬರಲಿದೆ ಅಂತ ಗೊತ್ತಿರುತ್ತದೆ, ಯಾವಾಗ ಅಂತ ಗೊತ್ತಿರುವುದಿಲ್ಲ. ಬಂದಾಗ ತಾವೇ ಗುರುತಿಸಿದ ಖುಷಿಯೂ ಸೇರುತ್ತದೆ.

ನಮ್ಮ ಬಳ್ಳಾರಿ ಕಡೆಯ ತಮಾಷೆಯನ್ನು ಅಲ್ಲಿಗೆ ಒಯ್ಯುವುದಾದರೆ ಇದೇ ದಾರಿ ಹಿಡಿಯಬೇಕು ಅಂತ ನನಗೆ ಅನಿಸಿತು. ಮೊದಲು ಕಥೆ, ತಮಾಷೆಯ ಸಾಲು ಎಷ್ಟೋ ದಿನದ ನಂತರ. ನಾನು ಒಯ್ದದ್ದು ಬಸ್ಸಿನ ಮಾತು.

ಕೊಪ್ಪಳದ ಗವಿಮಠದ ಜಾತ್ರೆಗೆ ಹೋದವರಿಗೆ ಗೊತ್ತು. ತೇರು ಮುಗಿದ ಮೇಲೆ ಲಕ್ಷಗಟ್ಟಲೆ ಜನ ಊರಿಗೆ ಹೊರಡುತ್ತಾರೆ. ಹೊಸಪೇಟೆ, ಬಳ್ಳಾರಿ ಕಡೆಯ ಬಸ್ಸು ಬಂದು ನಿಲ್ಲುವ ಮುಂಚೆಯೇ ಕಿಟಕಿಯಿಂದ ಟವೆಲ್ಲು, ಚೀಲ, ಒಮ್ಮೊಮ್ಮೆ ಸಣ್ಣ ಹುಡುಗರೂ ಒಳಗೆ ಹೋಗಿ ಸೀಟು ಹಿಡಿಯುತ್ತಾರೆ. ಒಳಗೆ ಕಾಲಿಡಲು ಜಾಗ ಇರುವುದಿಲ್ಲ. ಆಗ ಕಂಡಕ್ಟರ್ ಬಾಗಿಲಲ್ಲಿ ನಿಂತು, ಅಡ್ಡ ಕೈ ಹಿಡಿದು ಕೂಗುತ್ತಾನೆ. "ಹಿಂದಿನ ಬಸ್ ಖಾಲಿ ಐತಿ, ಅದಕ್ಕ ಬರ್ರಿ!" ಜನ ಹಿಂದೆ ತಿರುಗಿ ನೋಡುತ್ತಾರೆ. ರಸ್ತೆ ಖಾಲಿ ಇರುತ್ತದೆ, ಬಸ್ಸು ಇರುವುದಿಲ್ಲ. ಅಷ್ಟರಲ್ಲಿ ಈ ಬಸ್ಸು ಹೊರಟಿರುತ್ತದೆ. ಆ ಕಂಡಕ್ಟರ್ ಬಗ್ಗೆ ನನಗೆ ಯಾವತ್ತೂ ಸಿಟ್ಟು ಬಂದಿಲ್ಲ. ಅಷ್ಟು ಜನರನ್ನು ಹೊತ್ತು ಸುರಕ್ಷಿತವಾಗಿ ಊರು ಮುಟ್ಟಿಸಬೇಕಲ್ಲ, ಅವನಿಗೂ ಬೇರೆ ದಾರಿ ಇಲ್ಲ.

ಒಂದು ದಿನ ಊಟದ ಹೊತ್ತಿಗೆ ಅವರ ಊರಿನ ರೈಲು ತಡವಾದದ್ದರ ಮಾತು ನಡೆದಿತ್ತು. ಜರ್ಮನರಿಗೆ ತಮ್ಮ ರೈಲಿನ ಮೇಲೆ ಬೇಕಾದಷ್ಟು ಬೇಜಾರಿದೆ. "ನಿಮ್ಮ ಊರಲ್ಲಿ ಹೇಗೆ?" ಎಂದು ಯಾರೋ ಕೇಳಿದರು. ಆಗ ಈ ಕಥೆ ಹೇಳಿದೆ. ಜಾತ್ರೆ ಅಂದರೆ ಏನು ಅಂತ ಎರಡು ಮಾತಿನಲ್ಲಿ ತಿಳಿಸಿದೆ. ಕಂಡಕ್ಟರನ ಕೈ ತೋರಿಸಿದೆ. ಜನ ಹಿಂದೆ ತಿರುಗಿ ನೋಡುವುದನ್ನು ತೋರಿಸಿದೆ. ಅವರು ಸ್ವಲ್ಪ ನಕ್ಕರು, ಜಾಸ್ತಿ ಏನಿಲ್ಲ. ಮಾತು ಬೇರೆ ಕಡೆ ಹೋಯಿತು. ನಾನೂ ಬಿಟ್ಟೆ. ಆ ಹೊತ್ತಿಗೆ ಅಷ್ಟು ಸಾಕು. ಪೀಪರ್ ಬಂದು ನಿಂತು ಹೇಳಿ ಹೋದ ಹಾಗೆ ಅದು.

ಕೆಲವು ವಾರಗಳಾದ ಮೇಲೆ, ಒಂದು ಯಂತ್ರಭಾಗ ಪೂರೈಸುವವರ ಜೊತೆ ಫೋನಿನಲ್ಲಿ ಮೀಟಿಂಗ್ ಇತ್ತು. ಅವರು ಕಳಿಸಿದ ಡ್ರಾಯಿಂಗಿನಲ್ಲಿ ನೀರಿನ ಪೈಪಿನ ಅಳತೆಗಳು ಬಿಟ್ಟುಹೋಗಿದ್ದವು. ಕೇಳಿದರೆ, ಮುಂದಿನ ಪರಿಷ್ಕರಣೆಯಲ್ಲಿ ಎಲ್ಲ ಇರುತ್ತದೆ ಅಂದರು. ಅದರ ಹಿಂದಿನ ಸಲವೂ ಅದೇ ಅಂದಿದ್ದರು. ಫೋನ್ ಇಟ್ಟ ಮೇಲೆ ರೂಮಿನಲ್ಲಿ ಎಲ್ಲರೂ ಸುಮ್ಮನೆ ಕೂತರು. ಆಗ ನಾನು ಜರ್ಮನ್‌ನಲ್ಲಿ, ಅಡ್ಡ ಕೈ ಹಿಡಿದು ಹೇಳಿದೆ. "ಹಿಂದಿನ ಬಸ್ ಖಾಲಿ ಇದೆ."

ಒಂದು ಕ್ಷಣ ಏನೂ ಇಲ್ಲ. ಆಮೇಲೆ ಹಿರಿಯ ಡ್ರಾಫ್ಟ್ಸ್‌ಮನ್ ಕುರ್ಚಿಯಲ್ಲೇ ತಿರುಗಿ ಹಿಂದಿನ ಗೋಡೆ ನೋಡಿದರು. ಬಸ್ಸು ಹುಡುಕುವ ಹಾಗೆ. ಅಷ್ಟೇ ಬೇಕಾಗಿತ್ತು, ಕಥೆ ಕೇಳಿದ್ದವರೆಲ್ಲ ನಕ್ಕರು. ಈಗ ಯಾರಾದರೂ "ಮುಂದಿನ ಸಲ ಸರಿಯಾಗುತ್ತದೆ" ಅಂದರೆ ನಮ್ಮ ತಂಡದಲ್ಲಿ ಒಬ್ಬರಾದರೂ ಹಿಂದೆ ತಿರುಗಿ ನೋಡುತ್ತಾರೆ. ನಾನು ಇಲ್ಲದ ಮೀಟಿಂಗಿನಲ್ಲೂ ನೋಡುತ್ತಾರಂತೆ. ಕೊಪ್ಪಳವನ್ನು ನಕಾಶೆಯಲ್ಲಿ ತೋರಿಸಲು ಬಾರದವರು ಕೊಪ್ಪಳದ ಬಸ್ಸಿಗೆ ಕಾಯುತ್ತಿದ್ದಾರೆ. ನನಗೆ ಇದು ತುಂಬ ದೊಡ್ಡ ಸಂತೋಷ ಕೊಟ್ಟ ವಿಷಯ.

ಇದು ಯಾಕೆ ಕೆಲಸ ಮಾಡಿತು ಎನ್ನುವುದರ ಬಗ್ಗೆ ನಾನು ಸಾಕಷ್ಟು ಯೋಚಿಸಿದ್ದೇನೆ. ಆ ಕಥೆಯಲ್ಲಿ ಕಣ್ಣಿಗೆ ಕಾಣುವ ಒಂದು ಕ್ರಿಯೆ ಇದೆ, ತಿರುಗಿ ನೋಡುವುದು. ಮಾತು ಮರೆತರೂ ಕ್ರಿಯೆ ನೆನಪಿರುತ್ತದೆ. ಎರಡನೆಯದು, ಅಂಥ ಸಂದರ್ಭ ಆಫೀಸಿನಲ್ಲಿ ಮತ್ತೆ ಮತ್ತೆ ಬರುತ್ತದೆ. ನಮ್ಮ ಕಡೆಯ ಎಷ್ಟೋ ಒಳ್ಳೆಯ ತಮಾಷೆಗಳಿಗೆ ಅಲ್ಲಿ ಸಂದರ್ಭವೇ ಇಲ್ಲ. ಮದುವೆ ಊಟದಲ್ಲಿ ಬಡಿಸುವವರು ನಮ್ಮ ಪಂಕ್ತಿ ಬಿಟ್ಟು ಮುಂದೆ ಹೋಗುವ ತಮಾಷೆ ಅಲ್ಲಿ ಯಾವಾಗ ಹೇಳುವುದು? ಮೂರನೆಯದು, ಆ ಕಥೆಯಲ್ಲಿ ನಗೆಗೆ ಗುರಿಯಾಗುವುದು ಒಂದು ಪರಿಸ್ಥಿತಿ, ಯಾವುದೇ ಜಾತಿ, ಮೈಬಣ್ಣ, ದೇಹ ಅಲ್ಲ. ನಮ್ಮಲ್ಲಿ ಗೆಳೆಯರು ಒಬ್ಬರನ್ನೊಬ್ಬರು ಕರಿಯ, ಡುಮ್ಮ, ಬೋಳ ಎಂದು ಪ್ರೀತಿಯಿಂದಲೇ ಕರೆಯುತ್ತಾರೆ. ಆ ಪ್ರೀತಿ ಗೊತ್ತಿಲ್ಲದ ಕಡೆ ಬರೀ ಬೈಗುಳ ಉಳಿಯುತ್ತದೆ. ಅದನ್ನು ಎಷ್ಟೇ ಮುಂಚೆ ವಿವರಿಸಿದರೂ ಒಯ್ಯಲು ಬರುವುದಿಲ್ಲ, ಒಯ್ಯಲೂ ಬಾರದು.

ಅಕ್ಕನ ಮಗಳಿಗೆ ಇನ್ನೊಂದು ಅನುಮಾನ ಇತ್ತು. "ನಂಗ ಮಾತು ಹೊಳೀತೈತಿ ಮಾಮ. ಆದ್ರ ಹೊಳಿಯೋದ್ರಾಗ ಅವ್ರು ಮುಂದಕ್ಕ ಹೋಗಿರ್ತಾರ." ಇಂಟರ್ನ್‌ಶಿಪ್ ಮಾಡುವಾಗ ಹೊರದೇಶದವರ ಜೊತೆ ಫೋನಿನಲ್ಲಿ ಮಾತಾಡಿ ಅವಳಿಗೆ ಈ ಅನುಭವ ಆಗಿತ್ತು.

ಇದಕ್ಕೆ ಕಾರಣ ಇದೆ. ತಾನ್ಯಾ ಸ್ಟೀವರ್ಸ್ ಮತ್ತು ಅವರ ಜೊತೆಗಾರರು 2009ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಹತ್ತು ಭಾಷೆಗಳ ಮಾತುಕತೆಯನ್ನು ಅಳೆದು ನೋಡಿದರು. ಒಬ್ಬರು ಪ್ರಶ್ನೆ ಮುಗಿಸಿ ಇನ್ನೊಬ್ಬರು ಉತ್ತರ ಶುರುಮಾಡುವ ನಡುವಿನ ಸಮಯ, ಸರಾಸರಿ ನೋಡಿದರೆ, ಸುಮಾರು ಒಂದು ಸೆಕೆಂಡಿನ ಐದನೇ ಒಂದು ಭಾಗ. ಅಂದರೆ ಜನ ಎದುರಿನವರ ಮಾತು ಮುಗಿಯುವ ಮುಂಚೆಯೇ ತಮ್ಮ ಮಾತು ಕಟ್ಟಿಕೊಳ್ಳುತ್ತಿರುತ್ತಾರೆ. ಕಲಿತ ಭಾಷೆಯಲ್ಲಿ ಅಷ್ಟು ಬೇಗ ಕಟ್ಟುವುದು ಕಷ್ಟ. ಉಳಿದ ಮಾತು ಅರ್ಧ ಸೆಕೆಂಡ್ ತಡವಾದರೆ ಯಾರಿಗೂ ತೊಂದರೆ ಇಲ್ಲ. ತಮಾಷೆ ತಡವಾದರೆ ಅದಕ್ಕೆ ಜಾಗ ಇರುವುದಿಲ್ಲ. ಅವಳ ಬುದ್ಧಿ ಚುರುಕಿಲ್ಲ ಎಂದು ಇದರ ಅರ್ಥ ಅಲ್ಲ. ಅದನ್ನು ಅವಳಿಗೆ ಒತ್ತಿ ಹೇಳಿದೆ. ಮನೆಯಲ್ಲಿ ಎಲ್ಲರನ್ನೂ ನಗಿಸುವ ಹುಡುಗಿ, ಅಲ್ಲಿ ಹೋಗಿ ತಾನು ಮಂಕು ಅಂದುಕೊಳ್ಳುವುದು ನನಗೆ ಬೇಡ.

ಅದಕ್ಕೇ ಬಸ್ಸಿನಂಥ ಮಾತು ಹೊರಗಿನವರಿಗೆ ಹೊಂದುತ್ತದೆ. ಮಾತು ಮೊದಲೇ ತಯಾರಿದೆ. ಸಂದರ್ಭ ಬರುವುದನ್ನು ಕಾಯುವುದಷ್ಟೇ ಕೆಲಸ. ಎದುರುಬದುರು ಚಟಪಟ ಮಾತಿನ ಆಟದಲ್ಲಿ ಮೊದಲ ವರ್ಷ ಗೆಲ್ಲಬೇಕಾಗಿಲ್ಲ.

ಎಲ್ಲದಕ್ಕೂ ನಗಬೇಕಾಗಿಯೂ ಇಲ್ಲ, ನಗಿಸಬೇಕಾಗಿಯೂ ಇಲ್ಲ. ರಾಬರ್ಟ್ ಪ್ರೊವೈನ್ ಎನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞ ತಮ್ಮ ವಿದ್ಯಾರ್ಥಿಗಳ ಜೊತೆ ಅಂಗಡಿ, ಕಾಲೇಜು, ರಸ್ತೆಗಳಲ್ಲಿ ಜನ ನಗುವುದನ್ನು ಕೇಳಿ ಬರೆದುಕೊಂಡರು. ಸುಮಾರು 1,200 ಸಲದ ನಗು. ಅದರಲ್ಲಿ ತಮಾಷೆ ಎನ್ನಬಹುದಾದ ಮಾತಿಗೆ ಬಂದ ನಗು ಐದರಲ್ಲಿ ಒಂದು ಪಾಲೂ ಇರಲಿಲ್ಲ. ಉಳಿದದ್ದು "ಸರಿ, ನಾಳೆ ಸಿಗೋಣ" ಎನ್ನುವಂಥ ಮಾಮೂಲಿ ಮಾತಿಗೆ. ಹೊಸದಾಗಿ ಹೋದವರು ಇದನ್ನು ಗೊತ್ತುಮಾಡಿಕೊಂಡರೆ ಎಷ್ಟೋ ಹಗುರ. ಲಿಫ್ಟಿನ ಹತ್ತಿರ ಮೂರು ಜನ ನಕ್ಕರೆ, ನಮಗೆ ತಿಳಿಯದ ಜೋಕು ಏನೋ ನಡೆದಿದೆ ಅಂತ ತಲೆಕೆಡಿಸಿಕೊಳ್ಳುತ್ತೇವೆ. ಬಹಳ ಸಲ ಅಲ್ಲಿ ಜೋಕೇ ಇರುವುದಿಲ್ಲ.

ಅರ್ಥವಾಗದ ಕಡೆ ಸುಳ್ಳು ನಗು ನಗುವುದರ ಬಗ್ಗೆ ಒಂದು ಮಾತು. ಅದು ಬೇಡ ಅಂತ ನನ್ನ ಗಟ್ಟಿ ಅಭಿಪ್ರಾಯ. ನಕ್ಕರೆ ಇವಳಿಗೆ ಗೊತ್ತಿದೆ ಅಂದುಕೊಂಡು ಯಾರೂ ಹೇಳುವುದಿಲ್ಲ. ಆಮೇಲೆ ಕೇಳಲೂ ಬರುವುದಿಲ್ಲ. ಮೀಟಿಂಗಿನ ನಡುವೆ ತಡೆದು ಕೇಳುವುದೂ ಬೇಡ, ಆಗ ಜೋಕನ್ನು ಕೊಲ್ಲುವ ವಿವರಣೆ ಬರುತ್ತದೆ. ಅವತ್ತೇ ಸಂಜೆ ಅಥವಾ ಮರುದಿನ ಒಬ್ಬರೇ ಇರುವಾಗ, ವಯಸ್ಸಾದವರನ್ನು ಕೇಳಬೇಕು. ಅವರಿಗೆ ಹಳೆಯದನ್ನು ಹೇಳಲು ಸಮಯವೂ ಇರುತ್ತದೆ, ಆಸೆಯೂ ಇರುತ್ತದೆ. ನನ್ನ ಅನುಭವದಲ್ಲಿ ಇದನ್ನು ಕೇಳಿದ್ದಕ್ಕೆ ಬೇಜಾರು ಮಾಡಿಕೊಂಡವರು ಯಾರೂ ಇಲ್ಲ.

ಊರು ಊರಿನ ಕೀಟಲೆ ಮಾತ್ರ ಬೇರೆ ಲೆಕ್ಕ. ಡ್ಯೂಸೆಲ್‌ಡಾರ್ಫ್‌ನವರಿಗೂ ಪಕ್ಕದ ಕಲೋನ್‌ನವರಿಗೂ ಹಳೆಯ ಪೈಪೋಟಿ ಇದೆ. ಇವರ ಬಿಯರ್ ಕಂದು ಬಣ್ಣದ ಆಲ್ಟ್, ಅವರದು ತಿಳಿ ಬಣ್ಣದ ಕೋಲ್ಶ್. ಕಾರ್ನಿವಲ್ ಹಬ್ಬದಲ್ಲಿ ಇವರು "ಹೆಲಾವ್" ಅಂತ ಕೂಗಿದರೆ ಅವರು "ಅಲಾಫ್" ಅಂತ ಕೂಗುತ್ತಾರೆ. ಆಫೀಸಿನಲ್ಲಿ ಎರಡೂ ಊರಿನವರು ಇದ್ದರೆ ದಿನಾ ಇದೇ ಕೀಟಲೆ. ನಮ್ಮಲ್ಲೂ ಯಾರ ಊರಿನ ಬಿಸಿಲು ಜಾಸ್ತಿ ಅಂತ ಬಳ್ಳಾರಿಯವರಿಗೂ ರಾಯಚೂರಿನವರಿಗೂ ಮಾತಿನ ಜಗಳ ಇದ್ದೇ ಇದೆ. ನಾವಿಬ್ಬರೂ ಬಯ್ದುಕೊಳ್ಳಬಹುದು. ಬೆಂಗಳೂರಿನಿಂದ ಬಂದವರು ಬಂದ ದಿನವೇ "ರಾಯಚೂರು ಏನ್ರೀ, ಬರೀ ಬೆಂಕಿ" ಅಂದರೆ ಬಳ್ಳಾರಿಯವರೂ ರಾಯಚೂರಿನ ಪರ ನಿಲ್ಲುತ್ತಾರೆ. ಅಲ್ಲೂ ಹಾಗೇ. ಆ ಕೀಟಲೆಯಲ್ಲಿ ಸೇರಲು ಅವರೇ ಕರೆಯಬೇಕು. ನನ್ನನ್ನು ಕರೆದದ್ದು ಹೇಗೆಂದರೆ, ಒಬ್ಬರು ಕಲೋನ್‌ನವರು "ನೀನು ಹೇಳು, ಯಾವ ಊರು ಚೆಂದ?" ಅಂತ ಎಲ್ಲರ ಮುಂದೆ ಕೇಳಿದರು. "ಬಳ್ಳಾರಿ" ಎಂದೆ. ಎರಡೂ ಕಡೆಯವರು ಒಪ್ಪಿದರು. ಆ ಪ್ರಶ್ನೆ ಬಂದ ಮೇಲೆ ಬಾಗಿಲು ತೆರೆದ ಹಾಗೆ. ಬರುವ ಮೊದಲು ಅದನ್ನು ತಳ್ಳಬಾರದು.

ಒಯ್ಯಲು ಆಗದೇ ಉಳಿದದ್ದೂ ಇದೆ. ತೆಲುಗು ಡೈಲಾಗುಗಳನ್ನು ಅಲ್ಲಿ ಹೇಳುವ ದಾರಿ ನನಗೆ ಇನ್ನೂ ಸಿಕ್ಕಿಲ್ಲ. ಅದರ ತಮಾಷೆ ಪೂರ್ತಿ ನಟನ ದನಿಯಲ್ಲಿ, ನಾವು ಥಿಯೇಟರಿನಲ್ಲಿ ಒಟ್ಟಿಗೆ ಸೀಟಿ ಹೊಡೆದ ನೆನಪಿನಲ್ಲಿ ಇರುತ್ತದೆ. ಅದನ್ನು ಊಟದ ಟೇಬಲ್ಲಿನ ಮೇಲೆ ಐದು ನಿಮಿಷದಲ್ಲಿ ಕಟ್ಟಿಕೊಡಲು ಆಗುವುದಿಲ್ಲ. ಅದರ ಕೊರತೆ ನನಗೆ ಅಲ್ಲಿ ದಿನವೂ ಗೊತ್ತಾಗುತ್ತದೆ. ಬಳ್ಳಾರಿಗೆ ಬಂದ ಮೊದಲ ದಿನವೇ ಹಳೆಯ ಗೆಳೆಯರ ಜೊತೆ ಮಿರ್ಚಿ ಅಂಗಡಿ ಮುಂದೆ ನಿಲ್ಲುವುದು ಅದಕ್ಕೇ.

ಇಷ್ಟೆಲ್ಲ ಕೇಳಿದ ಮೇಲೆ ಅವಳು ಸ್ವಲ್ಪ ಹೊತ್ತು ಯೋಚಿಸಿದಳು. "ಹಂಗಾದ್ರ ನಾ ಯಾವ ಕಥಿ ಒಯ್ಯಲಿ?"

ನಿನಗೆ ಹೊಳೆದದ್ದನ್ನು ಹೇಳು, ನೋಡೋಣ ಎಂದೆ. ಅವಳು ಹೇಳಿದ್ದು ಕರೆಂಟಿನ ಕಥೆ. ಮನೆಯಲ್ಲಿ ಕರೆಂಟ್ ಹೋದರೆ ನಮ್ಮ ಅಕ್ಕ ಮೊದಲು ಕೂಗುವುದು ಒಂದೇ ಮಾತು. "ನಮ್ಮ ಮನೀದಷ್ಟ ಹೋಗೈತೋ, ಎಲ್ಲಾರ್ದೂ ಹೋಗೈತೋ, ಹೊರಗ ನೋಡ್ರಿ!" ಯಾರಾದರೂ ಓಡಿ ಬಾಗಿಲಿಗೆ ಬಂದು ಓಣಿ ಪೂರ್ತಿ ನೋಡುತ್ತಾರೆ. ಎಲ್ಲರ ಮನೆಯೂ ಕತ್ತಲಾಗಿದ್ದರೆ ಒಳಗೆ ಸಮಾಧಾನ. "ಎಲ್ಲಾರ್ದೂ ಹೋಗೈತಿ" ಅಂದ ಮೇಲೆ ಮೇ ತಿಂಗಳ ಸೆಖೆಯಲ್ಲೂ ನೆಮ್ಮದಿಯಾಗಿ ಕೂರುತ್ತಾರೆ. ಪಕ್ಕದ ಮನೆಯಲ್ಲಿ ಲೈಟ್ ಇದ್ದರೆ ಮಾತ್ರ ಗಾಬರಿ.

ಒಳ್ಳೆಯ ಕಥೆ. ನಾವಿಬ್ಬರೂ ಅದನ್ನು ಪರೀಕ್ಷೆ ಮಾಡಿ ನೋಡಿದೆವು. ಬಾಗಿಲಿಗೆ ಬಂದು ಇಣುಕುವುದು ಕಣ್ಣಿಗೆ ಕಾಣುವ ಕ್ರಿಯೆ. ಯಾರನ್ನೂ ಹೀಯಾಳಿಸುವುದಿಲ್ಲ. ಆಫೀಸಿನಲ್ಲಿ ಅಂಥ ಸಂದರ್ಭ ಬರುತ್ತದೆಯೇ? ಬರುತ್ತದೆ. ನೆಟ್‌ವರ್ಕ್ ಹೋದಾಗ ಎಲ್ಲ ದೇಶದವರೂ ಮಾಡುವುದು ಅದನ್ನೇ. ಕುರ್ಚಿಯಿಂದ ಅರ್ಧ ಎದ್ದು, ಪಕ್ಕದವರ ಸ್ಕ್ರೀನ್ ನೋಡುತ್ತಾರೆ. ನಮ್ಮದಷ್ಟೇ ಹೋಗಿದೆಯೋ, ಎಲ್ಲರದೂ ಹೋಗಿದೆಯೋ ಅಂತ. ಜರ್ಮನಿಯಲ್ಲಿ ಕರೆಂಟ್ ಹೋಗುವುದು ಬಹಳ ಅಪರೂಪ. ಹಾಗಾಗಿ ಕರೆಂಟ್ ಹೋಗುವುದು ನಮ್ಮಲ್ಲಿ ದಿನದ ಮಾತು ಎನ್ನುವುದನ್ನು ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು.

"ಹಂಗಾದ್ರ ನೆಟ್‌ವರ್ಕ್ ಹೋದ ದಿನಾನ ಹೇಳ್ತೀನಿ" ಎಂದಳು.

"ಅವತ್ತು ಬ್ಯಾಡ. ಅದಕ್ಕಿಂತ ಎಷ್ಟೋ ದಿನ ಮುಂಚೆ ಹೇಳಿರ್ಬೇಕು. ನಿಮ್ಮಮ್ಮ ಹೆಂಗ ಕೂಗ್ತಾಳ ಅನ್ನೋದನ್ನೂ ಮಾಡಿ ತೋರ್ಸು. ನೆಟ್‌ವರ್ಕ್ ಹೋದ ದಿನ ಅವ್ರೇ ನಿನ್ ಕಡೆ ನೋಡ್ತಾರ."

ಕೆಳಗಿನಿಂದ ನಮ್ಮ ಅಕ್ಕ, ಇಷ್ಟು ಹೊತ್ತಾದರೂ ಏನು ಮಾತು ನಿಮ್ಮದು ಎಂದು ಕೂಗಿದಳು. ಮಗಳು ಅಮ್ಮನನ್ನು ಮೇಲೆ ಕರೆದು, ಆ ಮಾತನ್ನು ಇನ್ನೊಂದು ಸಲ ಸರಿಯಾಗಿ ಹೇಳಿಸಿಕೊಂಡು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಳು.